ತಪ್ಪಿದ ಕಂತು, ಬಿಟ್ಟ ದಾನಿ

(ಬಿ. ಎ. ಅಂತಿಮ ವರ್ಷದ ವಿದ್ಯಾರ್ಥಿ)

ವರ್ಗಣಿ ಎಂಬ ಮಾತು ನಮ್ಮ ಗೋಕಾಕ ಸೀಮೆಯವರಿಗೆ ಹೊಸದಲ್ಲ. ಜಾತ್ರೆಗೆ ವರ್ಗಣಿ, ಗುಡಿಯ ಕಳಸಕ್ಕೆ ವರ್ಗಣಿ, ಗಣಪತಿಗೆ ವರ್ಗಣಿ ಎಂದು ವರುಷಕ್ಕೆ ನಾಲ್ಕಾರು ಸಲ ಪಟ್ಟಿ ಹಿಡಿದುಕೊಂಡು ಬರುವವರನ್ನು ನಾವೆಲ್ಲರೂ ನೋಡಿದ್ದೇವೆ. ಇವು ಒಮ್ಮೆ ಕೊಟ್ಟು ಮುಗಿಯುವ ದೇಣಿಗೆಗಳು. ನಾನು ಇಲ್ಲಿ ಬರೆಯಹೊರಟಿರುವುದು ತಿಂಗಳಾ ತಿಂಗಳಾ ಕೊಡುತ್ತ ಹೋಗುವ ದೇಣಿಗೆಯ ವಿಷಯ. ಅರ್ಥಶಾಸ್ತ್ರದ ತರಗತಿಯಲ್ಲಿ ಈ ವಿಷಯ ಬರಲಿಲ್ಲ. ಒಂದು ಹಳೆಯ ಲೆಕ್ಕದ ವಹಿಯಿಂದ ನನಗೆ ಇದು ತಿಳಿದುಬಂತು. ಆದುದರಿಂದ ಬರವಣಿಗೆಯಲ್ಲಿ ಶಾಸ್ತ್ರ ಕಡಿಮೆ, ವಹಿಯ ಮಾತು ಹೆಚ್ಚು ಇದ್ದರೆ ವಾಚಕರು ಮನ್ನಿಸಬೇಕು.

ಮೊದಲು ಆ ವಹಿ ನನ್ನ ಕೈಗೆ ಬಂದ ಬಗೆ. ಹಳ್ಳಿಗಳಿಂದ ಗೋಕಾಕಕ್ಕೆ ಓದಲು ಬರುವ ಬಡ ಹುಡುಗರಿಗಾಗಿ ಕೆಲವು ನಿವೃತ್ತ ಶಿಕ್ಷಕರೂ ಅಂಗಡಿಕಾರರೂ ಸೇರಿ ನಡೆಸುವ ಒಂದು ಚಿಕ್ಕ ನಿಧಿ ಇದೆ. ಹೆಸರು ಬೇಡ, ಅದನ್ನು ನಡೆಸುವವರಿಗೆ ಹೆಸರಿನ ಹಂಬಲವಿಲ್ಲ. ದಾನಿಗಳು ನಾಲ್ವತ್ತೆರಡು ಜನ. ಒಬ್ಬೊಬ್ಬರದು ತಿಂಗಳಿಗೆ 100 ರೂಪಾಯಿ. ಹತ್ತೊಂಬತ್ತು ಜನ ಗೋಕಾಕದವರು, ಹದಿನಾಲ್ಕು ಜನ ಮೂಡಲಗಿ ಕಡೆಯವರು, ಒಂಬತ್ತು ಜನ ಹುಕ್ಕೇರಿಯವರು. ಕೂಡಿಬರುವ 4,200 ರೂಪಾಯಿಯಲ್ಲಿ ಹದಿನಾಲ್ಕು ವಿದ್ಯಾರ್ಥಿಗಳಿಗೆ ತಲಾ 300 ರೂಪಾಯಿ, ಬಸ್ ಪಾಸಿಗೆ ಮತ್ತು ಪುಸ್ತಕಕ್ಕೆಂದು ಸಲ್ಲುತ್ತದೆ. ನನ್ನ ತಂಗಿಗೆ 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಟಿಕೇಟು ಬೇಕಿಲ್ಲ, ನನಗೆ ಬೇಕು. ತಂದೆ ಪೇಟೆಯಲ್ಲಿ ಹಮಾಲಿ ಮಾಡುತ್ತಾರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಮೊದಲ ವರ್ಷದಿಂದಲೂ ನನ್ನ ಹೆಸರು ಆ ಹದಿನಾಲ್ಕರಲ್ಲಿತ್ತು.

2025ರ ಜೂನ್ ತಿಂಗಳಲ್ಲಿ ನಿಧಿಯ ಖಾತೆಗೆ 4,200ರ ಬದಲು 2,700 ಮಾತ್ರ ಬಂತು. ಒಂಬತ್ತು ಜನರಿಗೆ ಸಾಲುವಷ್ಟು. ಪಟ್ಟಿಯಲ್ಲಿ ನನ್ನದು ಹತ್ತನೆಯ ಹೆಸರು.

ನಿಧಿಯ ಖಜಾಂಚಿ ಮಾಸ್ತರರಿಗೆ ಎಪ್ಪತ್ತು ದಾಟಿದೆ, ಕಣ್ಣು ಮಂಜು. ನಾನು ವಿಚಾರಿಸಲು ಹೋದಾಗ ಅವರು ವಹಿಯನ್ನು ನನ್ನ ಮುಂದೆ ಸರಿಸಿ, "ಹದಿನೈದು ಮಂದಿ ಬಿಟ್ಟಾರಪಾ. ಜನರಿಗೆ ಮೊದಲಿನ ಉಮೇದು ಇಲ್ಲ" ಎಂದರು. ಹದಿನೈದು ಹೆಸರುಗಳ ಎದುರು ಕೆಂಪು ಶಾಯಿಯಲ್ಲಿ 'ಬಿಟ್ಟವರು' ಎಂದು ಬರೆದಿತ್ತು. ನಾನು ಅಂದು ಮನಸ್ಸಿನಲ್ಲಿ ಆ ಹದಿನೈದು ಜನರ ಮೇಲೆ ಮುನಿಸಿಕೊಂಡೆನೆಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಆ ಮುನಿಸು ಪೂರ್ತಿ ತಪ್ಪಾಗಿತ್ತು. ಅವರಲ್ಲಿ ಬುದ್ಧಿಪೂರ್ವಕವಾಗಿ ಬಿಟ್ಟವರು ಮೂವರೇ.

ಇದು ಹೇಗೆಂಬುದನ್ನು ತಿಳಿಯಬೇಕಾದರೆ ಹಣ ಬರುವ ದಾರಿಯನ್ನು ಸ್ವಲ್ಪ ನೋಡಬೇಕು.

ನಮ್ಮ ಅಜ್ಜಿ ಬೀಸುವ ಕಲ್ಲಿಗೆ ಕೂಡುವ ಮುಂಚೆ ಒಂದು ಹಿಡಿ ಜೋಳವನ್ನು ಬೇರೆ ಗಡಿಗೆಯಲ್ಲಿ ಹಾಕುತ್ತಿದ್ದಳಂತೆ. ವಾರಕ್ಕೊಮ್ಮೆ ಮಠದ ಜೋಳಿಗೆ ಬಾಗಿಲಿಗೆ ಬಂದಾಗ ಗಡಿಗೆಯಲ್ಲಿದ್ದುದನ್ನು ಸುರಿದುಬಿಡುವುದು. ಇದೂ ಕಾಯಂ ದೇಣಿಗೆಯೇ. ಇದರಲ್ಲಿ ಒಂದು ಸೌಕರ್ಯವಿತ್ತು. ಒಂದು ವಾರ ಗಡಿಗೆ ಬರಿದಾಗಿದ್ದರೆ ಜೋಳಿಗೆ ಹಿಡಿದವರಿಗೆ ಆ ಕ್ಷಣವೇ ತಿಳಿಯುತ್ತಿತ್ತು. ಮನೆಯಲ್ಲಿ ಬೇನೆಯೋ, ಕಾಳಿನ ಅಭಾವವೋ ಎಂದು ಕಾರಣವೂ ಅಲ್ಲೇ ತಿಳಿಯುತ್ತಿತ್ತು. ಬರಿದಾದ ಗಡಿಗೆಗೆ ಯಾರೂ ದಂಡ ಹಾಕುತ್ತಿರಲಿಲ್ಲ. ಮುಂದಿನ ವಾರ ಜೋಳಿಗೆ ಮತ್ತೆ ಅದೇ ಬಾಗಿಲಿಗೆ ಬರುತ್ತಿತ್ತು. 'ಈ ಮನೆಯವರು ಬಿಟ್ಟರು' ಎಂದು ಒಂದು ಬರಿದು ಗಡಿಗೆಯನ್ನು ನೋಡಿ ಯಾರೂ ಬರೆದುಕೊಳ್ಳಲಿಲ್ಲ.

ಕಾಯಂ ದೇಣಿಗೆಯ ಗೊಡವೆಯೇ ಬೇಡವೆಂದು ಬೇರೊಂದು ದಾರಿಯನ್ನು ಹಿಡಿದವರೂ ನಮ್ಮ ಜಿಲ್ಲೆಯಲ್ಲಿದ್ದಾರೆ. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ವಿದ್ಯಾರ್ಥಿಗಳ ಓದಿಗೆ ಬಿಟ್ಟುಹೋದರು. ಅಲ್ಲಿ ದಾನಿ ಒಬ್ಬನೇ, ದಾನ ಒಂದೇ ಸಲ. ವರುಷಾ ವರುಷಾ ಬರುವುದು ಆಸ್ತಿಯ ಉತ್ಪನ್ನ. ದಾನಿ ಬಿಟ್ಟುಹೋಗುವ ಭಯವಿಲ್ಲ. ಆದರೆ ಅಂಥ ದೇಸಗತಿ ಎಲ್ಲರಿಗೂ ಎಲ್ಲಿಂದ ಬರಬೇಕು? ನೂರು ರೂಪಾಯಿ ಕೊಡಬಲ್ಲವರು ನಾಲ್ವತ್ತು ಜನ ಕೂಡಿದಾಗ ಅವರನ್ನು ಉಳಿಸಿಕೊಳ್ಳುವುದೇ ಮುಖ್ಯ ಕೆಲಸವಾಗುತ್ತದೆ.

ಈಗ ಬಾಗಿಲಿಗೆ ಜೋಳಿಗೆ ಬರುವುದಿಲ್ಲ. ದಾನಿ ಒಮ್ಮೆ ಒಂದು ಆದೇಶಪತ್ರಕ್ಕೆ ಸಹಿ ಮಾಡುತ್ತಾನೆ. ಇದಕ್ಕೆ ಬ್ಯಾಂಕಿನವರು ಮ್ಯಾಂಡೇಟ್ ಎನ್ನುತ್ತಾರೆ. ನನ್ನ ಖಾತೆಯಿಂದ ಇಂಥ ತಾರೀಖಿಗೆ, ಇಷ್ಟು ಹಣವನ್ನು, ಇಂಥ ದಿನದಿಂದ ಇಂಥ ದಿನದ ವರೆಗೆ, ಈ ನಿಧಿಗೆ ತೆಗೆದುಕೊಡಿರಿ ಎಂಬುದೇ ಅದರ ಒಕ್ಕಣೆ. ರಾಷ್ಟ್ರೀಯ ಪಾವತಿ ನಿಗಮವು ನಡೆಸುವ ನ್ಯಾಚ್ ಎಂಬ ವ್ಯವಸ್ಥೆಯ ಮೂಲಕ ನಿಧಿಯ ಬ್ಯಾಂಕು ಆ ತಾರೀಖಿಗೆ ದಾನಿಯ ಬ್ಯಾಂಕಿಗೆ ಬೇಡಿಕೆ ಕಳಿಸುತ್ತದೆ. ಹಣ ಸಿಕ್ಕರೆ ಬರುತ್ತದೆ. ಸಿಗದಿದ್ದರೆ ಬೇಡಿಕೆ ಮರಳುತ್ತದೆ, ಮರಳುವಾಗ ಒಂದು ಕಾರಣವನ್ನು ಹೊತ್ತು ತರುತ್ತದೆ. 2020ರಲ್ಲಿ ಬಂದ ಯುಪಿಐ ಆಟೋಪೇಯಲ್ಲಿಯೂ ತತ್ವ ಇದೇ; ಅಲ್ಲಿ ಸಹಿಯ ಬದಲು ಮೊಬೈಲಿನಲ್ಲಿ ಒಪ್ಪಿಗೆ, ಹಣ ಕಡಿಯುವ ಮುಂಚೆ ದಾನಿಗೆ ಒಂದು ಸೂಚನೆ, ಬೇಡವೆನಿಸಿದರೆ ಅಲ್ಲಿಯೇ ನಿಲ್ಲಿಸುವ ಸೌಲಭ್ಯ. ನಮ್ಮ ನಿಧಿಯ ದಾನಿಗಳಲ್ಲಿ ಬಹುತೇಕರು ವಯಸ್ಸಾದವರು, ಕಾಗದದ ಆದೇಶಪತ್ರದವರು.

ಮರಳಿ ಬಂದ ಬೇಡಿಕೆಯ ಕಾರಣವನ್ನು ಮಾಸ್ತರರು ಒಮ್ಮೆಯೂ ಓದಿರಲಿಲ್ಲ. ಅವರಿಗೆ ತಲಪುತ್ತಿದ್ದುದು ಪಾಸ್‌ಬುಕ್ಕಿನಲ್ಲಿ ಬಂದ ಮೊತ್ತ ಮಾತ್ರ. ಬಾರದ ಹಣಕ್ಕೆ ಪಾಸ್‌ಬುಕ್ಕಿನಲ್ಲಿ ಸಾಲೇ ಇರುವುದಿಲ್ಲ! ಎರಡು ತಿಂಗಳು ಒಬ್ಬರ ಹೆಸರಿನಲ್ಲಿ ಹಣ ಕಾಣದಿದ್ದರೆ ಅವರು ಕೆಂಪು ಶಾಯಿ ತೆಗೆಯುತ್ತಿದ್ದರು. ಅವರದು ತಪ್ಪೆಂದು ನಾನು ಹೇಳಲಾರೆ. ಇಂಥ ಪಟ್ಟಿಯನ್ನು ಬ್ಯಾಂಕಿನಿಂದ ಕೇಳಿ ಪಡೆಯಬೇಕೆಂಬುದನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ. ಮಾಸ್ತರರ ಪತ್ರ ಹಿಡಿದು ನಾನು ಎರಡು ಸಲ ಹೋಗಿ ಬಂದ ಮೇಲೆ ಎಂಟು ತಿಂಗಳ ಪಟ್ಟಿ ಸಿಕ್ಕಿತು. ಅದನ್ನೂ ವಹಿಯನ್ನೂ ಮಗ್ಗುಲಿಗಿಟ್ಟುಕೊಂಡು ಒಂದು ಆದಿತ್ಯವಾರ ಪೂರ್ತಿ ಕೂತೆ.

ಹದಿನೈದರಲ್ಲಿ ಆರು ಹೆಸರುಗಳ ಮುಂದೆ 'ಖಾತೆಯಲ್ಲಿ ಸಾಕಷ್ಟು ಹಣವಿಲ್ಲ' ಎಂದಿತ್ತು. ಮೂರರ ಮುಂದೆ ಏನೂ ಇರಲಿಲ್ಲ. ಅಂದರೆ ಬೇಡಿಕೆಯೇ ಹೋಗಿರಲಿಲ್ಲ. ಎರಡರ ಮುಂದೆ 'ಖಾತೆ ಮುಚ್ಚಿದೆ'. ಒಂದರ ಮುಂದೆ 'ಖಾತೆ ತಡೆಹಿಡಿಯಲಾಗಿದೆ'. ಉಳಿದ ಮೂರರ ಮುಂದೆ 'ಗ್ರಾಹಕರು ಆದೇಶವನ್ನು ರದ್ದು ಮಾಡಿದ್ದಾರೆ'. ಈ ಕಡೆಯ ಮೂವರೇ ನಿಜವಾಗಿ ಬಿಟ್ಟವರು. ಉಳಿದ ಹನ್ನೆರಡು ಜನರ ಕಂತು ತಪ್ಪಿತ್ತು, ಅಷ್ಟೇ. ಕಂತು ತಪ್ಪುವುದು ಖಾತೆಯ ಸಂಗತಿ, ಬಿಡುವುದು ಮನಸ್ಸಿನ ಸಂಗತಿ. ಎರಡನ್ನೂ ಒಂದೇ ಶಾಯಿಯಲ್ಲಿ ಬರೆದುದರಿಂದ ಅನರ್ಥವಾಗಿತ್ತು.

ಇದರಿಂದ ಎಷ್ಟು ವ್ಯತ್ಯಾಸವಾಗುತ್ತದೆಂದು ನೋಡಲು ನಾನು ಒಂದು ಊಹೆಯ ಲೆಕ್ಕ ಹಾಕಿದೆ. ನೂರು ದಾನಿಗಳಿದ್ದಾರೆಂದೂ, ತಿಂಗಳಿಗೆ ನೂರಕ್ಕೆ ಮೂವರಂತೆ ಕಡಿಮೆಯಾಗುತ್ತಾರೆಂದೂ, ಹೊಸಬರು ಯಾರೂ ಸೇರುವುದಿಲ್ಲವೆಂದೂ ಇಟ್ಟುಕೊಳ್ಳೋಣ. ವರುಷದ ಕೊನೆಗೆ ಅರುವತ್ತೊಂಬತ್ತು ಜನ ಉಳಿಯುತ್ತಾರೆ. ಎರಡು ವರುಷಕ್ಕೆ ನಾಲ್ವತ್ತೆಂಟು. ತಿಂಗಳಿಗೆ ಮೂರು ಎಂಬುದು ಕೇಳಲು ಚಿಕ್ಕದು, ಎರಡು ವರುಷದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೋಗಿಬಿಟ್ಟರು. ಈಗ ಆ ಮೂರರಲ್ಲಿ ಎರಡು ತಪ್ಪಿದ ಕಂತುಗಳು, ಸಕಾಲದಲ್ಲಿ ನೋಡಿದರೆ ಸರಿಹೋಗುವಂಥವು ಎನ್ನೋಣ. ಆಗ ತಿಂಗಳಿಗೆ ನೂರಕ್ಕೆ ಒಬ್ಬರೇ ಹೋಗುತ್ತಾರೆ. ಎರಡು ವರುಷದ ಮೇಲೂ ಎಪ್ಪತ್ತೊಂಬತ್ತು ಜನ ಉಳಿಯುತ್ತಾರೆ. ಒಬ್ಬ ದಾನಿ ಸರಾಸರಿ ಎಷ್ಟು ತಿಂಗಳು ನಿಲ್ಲುತ್ತಾನೆ ಎಂಬುದನ್ನು ಒಂದನ್ನು ಈ ಪ್ರಮಾಣದಿಂದ ಭಾಗಿಸಿ ತಿಳಿಯಬಹುದು. ಮೊದಲನೆಯ ಲೆಕ್ಕದಲ್ಲಿ ಮೂವತ್ತಮೂರು ತಿಂಗಳು, ಎರಡನೆಯದರಲ್ಲಿ ನೂರು ತಿಂಗಳು. ಅಂದರೆ ಅದೇ ದಾನಿಯಿಂದ 3,300 ರೂಪಾಯಿ ಬರುವಲ್ಲಿ 10,000 ಬರುತ್ತದೆ. ಹೊಸ ದಾನಿಯನ್ನು ಹುಡುಕುತ್ತ ಅಂಗಡಿಯಿಂದ ಅಂಗಡಿಗೆ ಅಲೆಯುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಯಾವುದೆಂದು ಇದರಿಂದ ನನಗೆ ಮನದಟ್ಟಾಯಿತು.

ಇರಲಿ, ಈಗ ಆ ಹದಿನೈದು ಜನರ ಕಡೆಗೆ ಹೋಗೋಣ. ನಾನು ನಿಜವಾಗಿಯೂ ಹೋದೆ, ಸಾಧ್ಯವಾದಷ್ಟು ಮನೆಗಳಿಗೆ. ಫೋನು ಮಾಡಿದರೆ ಸಾಲದೆ ಎಂದು ಕೆಲವರು ಕೇಳಿದರು. ಮೊದಲು ಫೋನನ್ನೇ ಮಾಡಿದ್ದೆ. "ನಿಮ್ಮ ಬ್ಯಾಂಕ್ ಖಾತೆಯ ವಿಷಯ" ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಮೂವರು ಫೋನು ಇಟ್ಟುಬಿಟ್ಟರು. ಮೋಸಗಾರರ ಕರೆಗಳು ಇಷ್ಟು ಹೆಚ್ಚಿರುವಾಗ ಅವರು ಮಾಡಿದ್ದೇ ಸರಿ. ಆಮೇಲೆ ಮಾಸ್ತರರ ಕೈಬರಹದ ಚೀಟಿಯನ್ನು ಹಿಡಿದುಕೊಂಡು ಹೋದೆ. ಖಾತೆಯ ಸಂಖ್ಯೆಯನ್ನಾಗಲಿ, ಪಿನ್ನನ್ನಾಗಲಿ, ಮೊಬೈಲಿಗೆ ಬಂದ ಅಂಕಿಯನ್ನಾಗಲಿ ಕೇಳಕೂಡದೆಂದು ನಾವೇ ನಿಯಮ ಮಾಡಿಕೊಂಡೆವು. ಹೊಸ ಪತ್ರ ಬೇಕಾದರೆ ಅವರೇ ತುಂಬಿ ಸಹಿ ಮಾಡಬೇಕು.

'ಸಾಕಷ್ಟು ಹಣವಿಲ್ಲ'ದ ಆರು ಜನರಲ್ಲಿ ಐವರು ಮೂಡಲಗಿ ಕಡೆಯ ಕಬ್ಬಿನ ರೈತರು. ವಹಿಯನ್ನು ಹಿಂದಕ್ಕೆ ತಿರುವಿ ನೋಡಿದಾಗ ಒಂದು ಚೋದ್ಯ ಕಂಡಿತು. ಈ ಐವರ ಕಂತು ಮಾಘ, ಫಾಲ್ಗುಣದಲ್ಲಿ ತಪ್ಪಿದ್ದೇ ಇಲ್ಲ. ತಪ್ಪುವುದೆಲ್ಲ ಬೇಸಗೆಯ ಕೊನೆಯಿಂದ ದೀಪಾವಳಿಯ ವರೆಗೆ. ಘಟಪ್ರಭೆಯ ಕಾಲುವೆ ನೀರಿನ ಈ ಭಾಗದಲ್ಲಿ ಕಾರಖಾನೆಗಳು ಕಬ್ಬು ಅರೆಯುವುದು ಸುಮಾರು ನವೆಂಬರಿನಿಂದ ಮಾರ್ಚಿನ ವರೆಗೆ. ರೈತನ ಕೈಗೆ ರೊಕ್ಕ ಬರುವುದು ಆಗ. ಕಬ್ಬು ಮುಟ್ಟಿಸಿದ ಹದಿನಾಲ್ಕು ದಿನಗಳೊಳಗೆ ಬಿಲ್ಲು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ; ಬಿಲ್ಲು ತಡವಾಗುವುದು ಮಾತ್ರ ನಮ್ಮ ಕಡೆ ಹೊಸ ಸುದ್ದಿಯಲ್ಲ. ಬಂದ ಬಿಲ್ಲು ಸೊಸಾಯಟಿಯ ಸಾಲಕ್ಕೆ, ಗೊಬ್ಬರದ ಅಂಗಡಿಗೆ, ಮಗಳ ಮದುವೆಗೆ ಹಂಚಿಹೋಗಿ ಜೂನ್ ಬರುವಷ್ಟರಲ್ಲಿ ಖಾತೆ ಬರಿದಾಗಿರುತ್ತದೆ. ಇಂಥ ಮನುಷ್ಯನಿಗೆ ತಿಂಗಳ ಸಂಬಳದವನಿಗೆ ಹೊಲಿದ ಅಂಗಿಯನ್ನು ತೊಡಿಸಿದ್ದೆವು.

ಅವರಲ್ಲಿ ಒಬ್ಬ ಕಾಕಾನವರು ತಮ್ಮ ಪಾಸ್‌ಬುಕ್ಕನ್ನು ತಂದು ನನ್ನ ಮುಂದೆ ಹಿಡಿದರು. ನಮ್ಮ 100 ರೂಪಾಯಿಯ ಬೇಡಿಕೆ ಮರಳಿದಾಗಲೆಲ್ಲ ಅವರ ಖಾತೆಯಿಂದ ದಂಡ ಕಡಿದಿತ್ತು. ಖಾಲಿ ಖಾತೆಯಲ್ಲಿ ದಂಡಕ್ಕೂ ಹಣವಿರದೆ, ಮುಂದೆ ಹಣ ಬಂದ ದಿನ ಹಿಂದಿನದೆಲ್ಲ ಒಮ್ಮೆಲೆ ಕಡಿದಿತ್ತು. ಒಂದೊಂದು ದಂಡವೂ ನಮ್ಮ ಕಂತಿಗಿಂತ ದೊಡ್ಡದು. "ತಮ್ಮಾ, ನಾ ಕೊಟ್ಟದ್ದು ನಿಮಗ ಮುಟ್ಟಲಿಲ್ಲ, ನನ್ನ ರೊಕ್ಕನೂ ಹೋತು. ಬಿಲ್ಲ ಬಂದ ಮ್ಯಾಲ ಒಮ್ಮೆಲೆ ಕೊಡ್ತೇನಂದ್ರ ಬ್ಯಾಡಂತೀರೇನು?" ಎಂದು ಕೇಳಿದರು. ನನಗೆ ತಲೆ ಎತ್ತಲಾಗಲಿಲ್ಲ. ತಪ್ಪಿದ ಕಂತಿನಿಂದ ನಿಧಿಗೆ ನೂರು ರೂಪಾಯಿ ನಷ್ಟವೆಂದಷ್ಟೇ ನಾವು ತಿಳಿದಿದ್ದೆವು. ದಾನಿಗೆ ಅದಕ್ಕಿಂತ ಹೆಚ್ಚು ನಷ್ಟವಾಗುವುದು ನಮ್ಮ ಯಾವ ವಹಿಯಲ್ಲಿಯೂ ಕಾಣುವುದಿಲ್ಲ. ಅಂದಿನಿಂದ ಮಾಸ್ತರರು ಒಂದು ಪದ್ಧತಿಯನ್ನಿಟ್ಟಿದ್ದಾರೆ. ಹಣವಿಲ್ಲವೆಂದು ಒಮ್ಮೆ ಬೇಡಿಕೆ ಮರಳಿದರೆ ದಾನಿಯೊಡನೆ ಮಾತನಾಡದೆ ಎರಡನೆಯ ಬೇಡಿಕೆಯನ್ನು ಕಳಿಸುವುದಿಲ್ಲ.

ಐವರಲ್ಲಿ ನಾಲ್ವರು ತಿಂಗಳ ಕಂತನ್ನು ರದ್ದು ಮಾಡಿಸಿ ವರುಷಕ್ಕೊಮ್ಮೆ 1,200 ರೂಪಾಯಿ ಕೊಡಲೊಪ್ಪಿದರು. ಒಬ್ಬರು, ಇನ್ನು ಸಾಕು, ನನ್ನ ಕೈಲಾಗದು ಎಂದರು. ಅವರಿಗೆ ಧನ್ಯವಾದ ಹೇಳಿ ಬಂದೆವು. ಆರನೆಯವರು ಗೋಕಾಕದ ಒಬ್ಬ ಗುಮಾಸ್ತರು. ಅವರ ಸಂಬಳವಾಗುವುದು ಏಳನೆಯ ತಾರೀಖಿಗೆ, ನಮ್ಮ ಬೇಡಿಕೆ ಹೋಗುತ್ತಿದ್ದುದು ಒಂದನೆಯ ತಾರೀಖಿಗೆ. ಹತ್ತನೆಯ ತಾರೀಖಿನ ಹೊಸ ಪತ್ರ ಮಾಡಿಸಿದ ಮೇಲೆ ಅವರ ಕಂತು ಇಂದಿನ ವರೆಗೆ ತಪ್ಪಿಲ್ಲ.

ಏನೂ ಕಾರಣ ಕಾಣದ ಆ ಮೂರು ಹೆಸರುಗಳ ಸಂಗತಿ ನನ್ನನ್ನು ಹೆಚ್ಚು ಕಾಡಿತು. ಬೇಡಿಕೆಯೇ ಹೋಗಿಲ್ಲವೆಂದರೆ ಏನು ಅರ್ಥ? ಹಳೆಯ ಪತ್ರಗಳ ಕಟ್ಟು ಬಿಚ್ಚಿ ನೋಡಿದಾಗ ತಿಳಿಯಿತು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದೊಳಗೆ ನೀರು ನುಗ್ಗಿದುದನ್ನು ಇಲ್ಲಿಯ ಯಾರೂ ಮರೆತಿರಲಾರರು. ಆ ವರುಷ ಮಕ್ಕಳ ಪುಸ್ತಕ ಪಾಟಿಗಳೆಲ್ಲ ಕೊಚ್ಚಿಹೋದುದನ್ನು ಕೇಳಿ ಹಲವರು ನಿಧಿಗೆ ಸೇರಿದರು. ಅವರಲ್ಲಿ ಮೂವರು ನವೆಂಬರಿನಿಂದ ಐದು ವರುಷದ ಆದೇಶಕ್ಕೆ ಸಹಿ ಮಾಡಿದ್ದರು. ಐದು ವರುಷ 2024ರ ಅಕ್ಟೋಬರಿಗೆ ತೀರಿತು. ಆದೇಶದ ಆಯುಷ್ಯ ತೀರಿದಾಗ ಸದ್ದಾಗುವುದಿಲ್ಲ. ಬೇಡಿಕೆ ಮರಳುವುದಿಲ್ಲ, ಕಾರಣ ಬರುವುದಿಲ್ಲ, ದಂಡವೂ ಬೀಳುವುದಿಲ್ಲ. ತಿಂಗಳಾ ಪಟ್ಟಿ ನೋಡುವವನ ಕಣ್ಣಿಗೂ ಇದು ಬೀಳದು; ಇದನ್ನು ಹಿಡಿಯಬೇಕಾದರೆ ಪತ್ರ ಬಂದ ದಿನವೇ ಅದರ ಕೊನೆಯ ತಾರೀಖನ್ನು ವಹಿಯಲ್ಲಿ ಬೇರೆ ಬರೆದಿಡಬೇಕು.

ಆ ಮೂವರಲ್ಲಿ ಒಬ್ಬರು ಹುಕ್ಕೇರಿಯ ನಿವೃತ್ತ ಅಕ್ಕೋರು. ಚಹಾ ಕೊಟ್ಟು, ನನ್ನ ಓದು, ಊರು ಎಲ್ಲ ವಿಚಾರಿಸಿದ ಮೇಲೆ ನಾನು ವಿಷಯ ತೆಗೆದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾ ಕೊಡಾಕತ್ತೇನಿ ಅಂತ ತಿಳ್ಕೊಂಡಿದ್ನೆಲ್ಲೋ ತಮ್ಮಾ. ಎಂಟು ತಿಂಗಳು! ಒಂದ ಮಾತು ಹೇಳಬಾರದಾಗಿತ್ತ?" ಎಂದರು. ಹುಡುಗರಿಗೆ ಹಣ ಮುಟ್ಟದಿದ್ದುದರ ನೋವಿನ ಜೊತೆಗೆ, ತಾವು ಬಿಟ್ಟುಬಿಟ್ಟರೆಂದು ಯಾರೋ ಬರೆದುಕೊಂಡರಲ್ಲ ಎಂಬ ನೋವೂ ಆ ದನಿಯಲ್ಲಿತ್ತು. ಕೆಂಪು ಶಾಯಿಯ ವಿಷಯವನ್ನು ನಾನು ಅವರಿಗೆ ಹೇಳಿರಲಿಲ್ಲ, ಅವರೇ ಊಹಿಸಿಕೊಂಡರು. ಒಳಗೆ ಹೋಗಿ 800 ರೂಪಾಯಿ ತಂದು ಮುಂದಿಟ್ಟರು. ನಾನು ತೆಗೆದುಕೊಳ್ಳಲಿಲ್ಲ. ದೇಣಿಗೆ ಸಾಲವಲ್ಲ, ಅದಕ್ಕೆ ಬಾಕಿ ಎಂಬುದಿಲ್ಲ ಎಂದು ಮಾಸ್ತರರು ಮೊದಲೇ ಹೇಳಿ ಕಳಿಸಿದ್ದರು. ಈ ಮಾತಿಗೆ ವ್ಯವಹಾರದ ಅರ್ಥವೂ ಇದೆ. ಹಿಂದಿನ ಬಾಕಿಯನ್ನು ಎತ್ತಿ ಆಡಿದರೆ, ಕೊಡಬೇಕೆಂದಿದ್ದವನೂ ಮುಖ ತಪ್ಪಿಸುತ್ತಾನೆ. ಅಕ್ಕೋರು ಹೊಸ ಪತ್ರಕ್ಕೆ ಸಹಿ ಮಾಡಿದರು. ಇನ್ನೊಬ್ಬರೂ ಮಾಡಿದರು. ಮೂರನೆಯವರು ಊರು ಬಿಟ್ಟಿದ್ದಾರೆ, ವಿಳಾಸ ಸಿಗಲಿಲ್ಲ.

'ಖಾತೆ ಮುಚ್ಚಿದೆ' ಎಂದಿದ್ದ ಇಬ್ಬರು ಬ್ಯಾಂಕು ಬದಲಿಸಿದ್ದರು, ಹಳೆಯ ಖಾತೆಯ ಜೊತೆಗೆ ನಮ್ಮ ಆದೇಶವೂ ಹೋಯಿತೆಂಬುದು ಅವರ ಲಕ್ಷ್ಯಕ್ಕೆ ಬಂದಿರಲಿಲ್ಲ. ಇಬ್ಬರೂ ಹೊಸ ಪತ್ರ ಕೊಟ್ಟರು. 'ತಡೆಹಿಡಿಯಲಾಗಿದೆ' ಎಂಬುದಕ್ಕೆ ಅನೇಕ ಅರ್ಥಗಳುಂಟು. ಗುರುತಿನ ಕಾಗದಗಳನ್ನು ಹೊಸದಾಗಿ ಕೊಡದಿದ್ದರೂ ಬ್ಯಾಂಕು ತಡೆಹಿಡಿಯುತ್ತದೆ. ನಾನು ಹಾಗೆಯೇ ಇರಬೇಕೆಂದುಕೊಂಡು ಬಾಗಿಲು ತಟ್ಟಿದೆ. ತೆರೆದವರು ಮಗ, ತಂದೆ ತೀರಿಕೊಂಡು ಮೂರು ತಿಂಗಳಾಗಿತ್ತು. ತಂದೆ ನಿಧಿಗೆ ಕೊಡುತ್ತಿದ್ದುದು ಮಗನಿಗೆ ಗೊತ್ತಿರಲಿಲ್ಲ. ನಾನೂ ಆ ನಿಧಿಯಿಂದ ಓದುತ್ತಿರುವವನೆಂದು ಹೇಳಿದೆ, ನಮಸ್ಕಾರ ಮಾಡಿ ಬಂದೆ. ಕಂತಿನ ಮಾತನ್ನು ಎತ್ತಲಿಲ್ಲ. ಫೋನಿನಲ್ಲಿಯೋ ಅಚ್ಚಾದ ಸಂದೇಶದಲ್ಲಿಯೋ 'ನಿಮ್ಮ ಕಂತು ಬಂದಿಲ್ಲ' ಎಂದು ಆ ಮನೆಗೆ ಹೋಗಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಇನ್ನು ನಿಜವಾಗಿ ಬಿಟ್ಟ ಮೂವರು. ಒಬ್ಬರಿಗೆ ಮನೆಯಲ್ಲಿ ಆಸ್ಪತ್ರೆಯ ಖರ್ಚು. ಒಬ್ಬರು ಕಾರಣ ಹೇಳಲಿಲ್ಲ, ಹೇಳಬೇಕಾಗಿಯೂ ಇಲ್ಲ. ಮೂರನೆಯವರು ಗೋಕಾಕದ ಒಬ್ಬ ಅಂಗಡಿಕಾರರು, ನೆಟ್ಟಗೆ ಮಾತನಾಡಿದರು. "ನಾಲ್ಕು ವರ್ಷ ಕೊಟ್ಟೆ. ಒಂದು ಪಾವತಿ ಇಲ್ಲ, ಒಂದು ಕಾಗದ ಇಲ್ಲ. ಯಾರು ಓದಿದರು, ಎಷ್ಟು ಓದಿದರು, ಯಾರಿಗೆ ಗೊತ್ತು? ನೀವು ನನ್ನ ನೆನಪು ಮಾಡಿದ್ದು ನಾ ನಿಲ್ಲಿಸಿದ ಮ್ಯಾಲ." ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಮರಳಿ ಸೇರಲಿಲ್ಲ. ಸಹಿ ಮಾಡಿದ ಮೇಲೆ ದೇಣಿಗೆ ತಾನೇ ನಡೆಯುತ್ತದೆಂಬ ಅನುಕೂಲದಲ್ಲಿಯೇ ಈ ಕೇಡು ಅಡಗಿದೆ. ಜೋಳಿಗೆಯವನು ವಾರಕ್ಕೊಮ್ಮೆ ಮುಖ ತೋರಿಸುತ್ತಿದ್ದ. ನಾವು ವರುಷಗಟ್ಟಲೆ ಮುಖ ತೋರಿಸಿರಲಿಲ್ಲ. ಈಗ ವರುಷಕ್ಕೆ ಎರಡು ಸಲ, ಸೆಮಿಸ್ಟರಿನ ಫಲಿತಾಂಶ ಬಂದಾಗ, ವಿದ್ಯಾರ್ಥಿಗಳೇ ಕೈಯಿಂದ ಬರೆದ ಒಂದು ಪುಟದ ಕಾಗದ ಹೋಗುತ್ತದೆ. ಅದರಲ್ಲಿ ಹಣ ಕೇಳುವುದಿಲ್ಲ. ಇದರಿಂದ ಎಷ್ಟು ಜನ ಉಳಿಯುತ್ತಾರೆಂದು ಹೇಳಲು ಇನ್ನೂ ಕಾಲ ಸಾಲದು.

ಒಟ್ಟು ಹದಿನೈದರಲ್ಲಿ ಒಂಬತ್ತು ಜನ ಮರಳಿ ದೊರೆತರು. ಐವರು ತಿಂಗಳ ಕಂತಿನವರು, ನಾಲ್ವರು ವರುಷದವರು. ತಿಂಗಳಿಗೆ 3,200 ರೂಪಾಯಿ ನಿಶ್ಚಿತವಾಯಿತು; ವರುಷದವರ 4,800ನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 400. ಹನ್ನೆರಡು ವಿದ್ಯಾರ್ಥಿಗಳಿಗೆ ಸಾಕಾಗುತ್ತದೆ, ಹದಿನಾಲ್ಕಕ್ಕೆ ಇಲ್ಲ. ಹಾಗೂ ವರುಷದ ಹಣಕ್ಕೆ ಅದರದೇ ತೊಡಕು ಉಂಟು. ಅದು ಬೇಸಗೆಗೆ ಮುಂಚೆ ಒಮ್ಮೆಲೆ ಬರುತ್ತದೆ, ಖರ್ಚಿನ ಕಾಲ ಜೂನ್. ಕೈಯಲ್ಲಿದ್ದಾಗ ಖರ್ಚಾದರೆ ಮತ್ತೆ ಹಳೆಯ ಕತೆ. ಆದ್ದರಿಂದ ಅದನ್ನು ಬೇರೆ ಖಾತೆಯಲ್ಲಿಟ್ಟು ತಿಂಗಳಿಗೆ 400ರಂತೆ ಮಾತ್ರ ತೆಗೆಯಬೇಕೆಂದು ಗೊತ್ತುಮಾಡಿದ್ದಾರೆ.

'ಬಿಟ್ಟವರು' ಎಂದು ಬರೆಯುವ ನಿಯಮವನ್ನೂ ಬದಲಿಸಬೇಕಾಯಿತು. ತಿಂಗಳ ಕಂತಿನವರಾದರೆ ಮೂರು ತಿಂಗಳು ಸತತವಾಗಿ ಬಾರದೆ, ಕಾರಣ ವಿಚಾರಿಸಿಯೂ ಉತ್ತರ ಬಾರದಿದ್ದರೆ ಮಾತ್ರ. ವರುಷದವರಿಗೆ ಹನ್ನೆರಡು ತಿಂಗಳಾಯಿತೆಂದು ಬರೆಯುವಂತಿಲ್ಲ. ಹದಿನೈದು ತಿಂಗಳು ಕಾಯಬೇಕು. ಹದಿನೈದೇಕೆ ಎಂಬುದಕ್ಕೆ ನಮ್ಮ ಕಣ್ಣ ಮುಂದೆಯೇ ನಿದರ್ಶನ ಒದಗಿತು. 2025ರ ನವೆಂಬರಿನ ಆರಂಭದಲ್ಲಿ ಕಬ್ಬಿನ ಬೆಲೆಗಾಗಿ ಮೂಡಲಗಿ ತಾಲೂಕಿನ ಗುರ್ಲಾಪುರದಲ್ಲಿ ರೈತರು ಹಗಲಿರುಳು ಧರಣಿ ಕೂತರು. ಟನ್ನಿಗೆ 3,300 ರೂಪಾಯಿ ಎಂದು ಸರಕಾರ ಸಾರಿದ ಮೇಲೆ ಧರಣಿ ಮುಗಿಯಿತು. ಕಬ್ಬು ಕಡಿಯುವುದು ತಡವಾದರೆ ಬಿಲ್ಲು ತಡ, ಬಿಲ್ಲು ತಡವಾದರೆ ನಮ್ಮ ದೇಣಿಗೆ ತಡ. ನಮ್ಮ ನಾಲ್ವರಲ್ಲಿ ಇಬ್ಬರು ಆ ಧರಣಿಯಲ್ಲಿದ್ದರು. ತಾರೀಖು ನೋಡಿ ಕೆಂಪು ಶಾಯಿ ತೆಗೆಯುವವನಿಗೆ ಇದು ಹೇಗೆ ತಿಳಿಯಬೇಕು?

ವಹಿಯಲ್ಲಿ ಈಗ ನಾಲ್ಕು ಮನೆಗಳಿವೆ: ಕಂತು ಬಂದ ತಾರೀಖು, ಬಾರದಿದ್ದರೆ ಬ್ಯಾಂಕು ಹೇಳಿದ ಕಾರಣ, ನಾವು ಮಾತನಾಡಿದ ದಿನ, ಆದೇಶದ ಕೊನೆಯ ತಾರೀಖು. ಕೆಂಪು ಶಾಯಿಯ ದೌತಿಯನ್ನು ಮಾಸ್ತರರು ಒಳಗಿಟ್ಟಿದ್ದಾರೆ. ಸದ್ಯ ಎಲ್ಲವೂ ಪೆನ್ಸಿಲಿನಲ್ಲಿ. ನನ್ನ ಪರೀಕ್ಷೆ ಮುಗಿದ ಮೇಲೆ ವಹಿ ಎರಡನೆಯ ವರ್ಷದ ಒಬ್ಬ ಗೆಳೆಯನ ಕೈಗೆ ಹೋಗುವುದೆಂದು ನಿಶ್ಚಯವಾಗಿದೆ. ಹುಕ್ಕೇರಿಯ ಅಕ್ಕೋರ ಹೊಸ ಆದೇಶ 2030ರ ಜುಲೈಗೆ ತೀರುತ್ತದೆ. ಆ ತಾರೀಖಿನ ಕೆಳಗೆ ಎರಡು ಗೆರೆ ಎಳೆದು, "ಮೂರು ತಿಂಗಳು ಮುಂಚೆ ಮನೆಗೆ ಹೋಗಿ ಹೇಳುವುದು" ಎಂದು ಬರೆದಿದ್ದೇನೆ.